ಆರು ವಾರದ ಕೋಚಿಂಗ್ ಸರ್ಟಿಫಿಕೇಟ್ ಇದ್ದರೂ ಪಿ.ಇ. ಟೀಚರ್ ಅರ್ಜಿ ವಾಪಸ್

"ಡಿಗ್ರಿ ಆದಮ್ಯಾಲೆ ಪಟಿಯಾಲಾ ಎನ್‌ಐಎಸ್‌ನ ಆರು ವಾರದ ಕಬಡ್ಡಿ ಕೋರ್ಸ್ ಮುಗಿಸೀನಿ. ಜಮಖಂಡಿ ಕಡೆ ಹೈಸ್ಕೂಲಿಗೆ ಪಿ.ಇ. ಟೀಚರ್ ಅರ್ಜಿ ಹಾಕಿದ್ರ ವಾಪಸ್ ಬಂತು. ಯಾಕ? ಇದರ ಮ್ಯಾಲೆ ರೆಫ್ರಿ ಆಗಬಹುದಾ?"

ದೈಹಿಕ ಶಿಕ್ಷಕರ ತರಬೇತಿ ಪದವಿಯಾದ ಬಿ.ಪಿ.ಎಡ್. ಇಲ್ಲದ್ದೇ ಕಾರಣ ಇರಬೇಕು. ನಿಮ್ಮದು ಕಬಡ್ಡಿ ಕಲಿಸುವ ಅರ್ಹತೆ. ಹೈಸ್ಕೂಲಿನ ದೈಹಿಕ ಶಿಕ್ಷಕರ ಹುದ್ದೆ ಕೇಳುವುದು ಶಿಕ್ಷಕ ತರಬೇತಿಯನ್ನು. ನಮ್ಮ ಕ್ಲಬ್ಬಿನ ಹುಡುಗನೊಬ್ಬನ ಅರ್ಜಿಯೂ ಹೀಗೇ ತಿರುಗಿ ಬಂದಿತ್ತು. ಬರೀ ಸರ್ಟಿಫಿಕೇಟ್ ಹಿಡಕೊಂಡು ಅವನು ಒಂದು ವರ್ಷ ಶಾಲೆ ಶಾಲೆ ಅಲೆದ, ನನಗೆ ಇನ್ನೂ ಸಂಕಟವಾಗುತ್ತದೆ.

ಮೊದಲು ಅರ್ಜಿ ಕರೆದ ಪ್ರಕಟಣೆಯ ವಿದ್ಯಾರ್ಹತೆ ಸಾಲು ಓದಿ. ಅಲ್ಲಿ ಬಿ.ಪಿ.ಎಡ್. ಅಂತಿದ್ದರೆ ಎರಡು ವರ್ಷದ ಆ ಕೋರ್ಸಿಗೇ ಸೇರಿ. ಫೀಸು ಕಟ್ಟುವ ಮುಂಚೆ ಕಾಲೇಜಿಗೆ ಶಿಕ್ಷಕ ತರಬೇತಿಯ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ ಮಾನ್ಯತೆ ಇದೆಯೇ ಎಂದು ಪತ್ರ ತೋರಿಸಲು ಕೇಳಿ, ಬಾಯಿಮಾತು ನಂಬಬೇಡಿ.

ಅಲ್ಲಿಯವರೆಗೆ ನಿಮ್ಮ ಸರ್ಟಿಫಿಕೇಟ್ ವ್ಯರ್ಥವಲ್ಲ. ಕ್ಲಬ್ಬಿನಲ್ಲಿ ತಂಡ ಕಟ್ಟಬಹುದು. ಖಾಸಗಿ ಶಾಲೆಗಳು ಸಂಜೆಯ ತರಬೇತಿಗೆ ಕರೆಯುವುದೂ ಉಂಟು, ಅದು ಆಯಾ ಆಡಳಿತ ಮಂಡಳಿಗೆ ಬಿಟ್ಟದ್ದು. ಸರ್ಕಾರಿ ಕೋಚ್ ಹುದ್ದೆಯ ಆಸೆ ಇದ್ದರೆ ಸಾಮಾನ್ಯವಾಗಿ ಎನ್‌ಐಎಸ್‌ನ ಒಂದು ವರ್ಷದ ಡಿಪ್ಲೊಮಾ ಕೇಳುತ್ತಾರೆ.

ರೆಫ್ರಿಗಿರಿಯ ದಾರಿ ಬೇರೆ, ಕೋಚಿಂಗ್ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಜಿಲ್ಲಾ ಕಬಡ್ಡಿ ಸಂಸ್ಥೆಯಲ್ಲಿ ಹೆಸರು ಕೊಟ್ಟು, ರಾಜ್ಯ ಸಂಸ್ಥೆ ಪರೀಕ್ಷೆ ಯಾವಾಗ ಕರೆಯುತ್ತದೆ ಅಂತ ಈ ವಾರವೇ ವಿಚಾರಿಸಿ. ಅಲ್ಲಿಯ ತನಕ ತಾಲ್ಲೂಕು ಪಂದ್ಯಗಳಲ್ಲಿ ಸ್ಕೋರರ್ ಆಗಿ ಕೂತರೆ ಬೋನಸ್, ಲೋನಾ ಲೆಕ್ಕ ಕೈಗೆ ಹತ್ತುತ್ತದೆ.