ಎತ್ತಣ ನೆಲ್ಲಿ, ಎತ್ತಣ ಉಪ್ಪು

“ಉಡುಪಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ‘ಎತ್ತಣ ಮಾಮರ’ ವಚನದಲ್ಲಿ ಅಲ್ಲಮ ಸಂಬಂಧ ಇದೆ ಅಂತಾನಾ, ಇಲ್ಲ ಅಂತಾನಾ?”

ಎರಡೂ ಹೌದು ಮಾರಾಯ್ರೆ. ಮಾತು ಇಲ್ಲ ಅನ್ನುವ ಹಾಗಿದೆ, ಆರಿಸಿಕೊಂಡ ವಸ್ತುಗಳು ಇದೆ ಅನ್ನುತ್ತವೆ. ಬೆಟ್ಟದ ಮೇಲಣ ನೆಲ್ಲಿಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧ ಅಂತ ಕೇಳಿ ಅವನು ಸುಮ್ಮನಾಗುತ್ತಾನೆ. ಅವೆರಡೂ ಸೇರುವುದು ಉಪ್ಪಿನಕಾಯಿ ಭರಣಿಯಲ್ಲಿ, ಅಲ್ವಾ? ವಚನದಲ್ಲಿ ಭರಣಿಯ ಸುದ್ದಿಯೇ ಇಲ್ಲ. ಅದನ್ನು ತಂದಿಡುವವರು ನಾವು. ಪ್ರಶ್ನೆ ಅಲ್ಲೇ ನಮ್ಮತ್ತ ತಿರುಗುತ್ತದೆ.

ವಚನದ ಮಾಮರ-ಕೋಗಿಲೆ, ನೆಲ್ಲಿ-ಉಪ್ಪು ಎಂಬ ಎರಡು ಜೋಡಿಗಳನ್ನು ಒಂದೇ ಅಂತ ಓದಬೇಡಿ. ಮಾವು ಚಿಗುರಿದರೆ ಕೋಗಿಲೆ ತಾನಾಗಿ ಬರುತ್ತದೆ. ನೆಲ್ಲಿಯೂ ಉಪ್ಪೂ ಹಾಗಲ್ಲ, ಕೊಯ್ದು ತರುವ, ಬೆರೆಸುವ ಕೈ ಬೇಕು. ಹಾಗಾದರೆ ಕೊನೆಗೆ ಬರುವ ಗುಹೇಶ್ವರಲಿಂಗ ಮತ್ತು ‘ನಾನು’ ಸೇರುವುದು ಹೇಗೆ, ತಾವಾಗಿಯೋ, ಯಾರದೋ ಕೈಯಿಂದಲೋ? ಅಲ್ಲಮ ಹೇಳುವುದಿಲ್ಲ. ಆ ಕೈ ಗುರುವಿನದು ಅಂತ ತಕ್ಷಣ ಬರೆದುಬಿಡುವುದು ನನಗೆ ಅವಸರ ಅನಿಸುತ್ತದೆ. ಆ ಜಾಗ ಖಾಲಿ ಬಿಟ್ಟೇ ಚರ್ಚಿಸಿ.

ಒಂದು ಎಚ್ಚರಿಕೆ. ಅಲ್ಲಮನದೇ ಬೆಡಗಿನ ವಚನಗಳಿಗೆ ಈ ದಾರಿ ಸಾಲದು. ಅಲ್ಲಿ ಪ್ರಾಣಿಯೋ ಮರವೋ ಬಂದರೆ ಹೆಚ್ಚಾಗಿ ಅದು ಸಂಕೇತ. ಅಡುಗೆಮನೆಯ ಅನುಭವ ಬಿಟ್ಟು ಹಳೆಯ ವ್ಯಾಖ್ಯಾನಗಳನ್ನು ನೋಡಬೇಕಾಗುತ್ತದೆ.