120 ದಾಟುವ ತನಕ ಕಾಯಿರಿ

"14 ತಿಂಗಳು ಇಳಿದ ಶೇರು 100ಕ್ಕೆ ಎರಡು ಸಲ ತಾಗಿ, ನಡುವೆ 120ಕ್ಕೆ ಹೋಗಿ, ಈಗ 112ರಲ್ಲಿದೆ. ಡಬಲ್ ಬಾಟಮ್ ಅಂತ ತಗೊಳ್ಳಬಹುದಾ?"

ಈಗಲೇ ಬೇಡ ಮಾರಾಯ್ರೇ. ನಡುವಿನ ಆ 120 ನೆಕ್‌ಲೈನ್. ದಿನದ ಮುಕ್ತಾಯದ ಬೆಲೆ ಅದರ ಮೇಲೆ ನಿಲ್ಲಬೇಕು, ಆ ದಿನದ ವಾಲ್ಯೂಮ್ ಹಿಂದಿನ 20 ದಿನಗಳ ಸರಾಸರಿಯ ಒಂದೂವರೆ ಪಟ್ಟಾದರೂ ಇರಬೇಕು. ಶಿರಸಿಯಲ್ಲಿ ಅಡಿಕೆ ಮಾರಿದ ದುಡ್ಡು ಹಾಕಿ, ನಾನು ಒಮ್ಮೆ ಬೆಲೆ ದಾಟಿದ್ದನ್ನಷ್ಟೇ ನೋಡಿ ಕೊಂಡೆ. ಅವತ್ತಿನ ವಾಲ್ಯೂಮ್ ಕಡ್ಡಿ ಪಕ್ಕದವುಗಳಿಗಿಂತ ಗಿಡ್ಡವಿತ್ತು. ಮೂರೇ ದಿನದಲ್ಲಿ ಬೆಲೆ ನೆಕ್‌ಲೈನ್ ಕೆಳಗೆ ಬಂತು, ಈಗಲೂ ಹೊಟ್ಟೆ ಉರೀತದೆ.

ತಳದಿಂದ ನೆಕ್‌ಲೈನಿಗೆ 20 ರೂಪಾಯಿ, ಅಷ್ಟನ್ನೇ 120ಕ್ಕೆ ಕೂಡಿಸಿದರೆ ಗುರಿ 140ರ ಸುಮಾರು. 120ರ ಹತ್ತಿರ ಕೊಂಡು ಸ್ಟಾಪ್‌ಲಾಸ್ ತಳದ ಕೆಳಗೆ 98ಕ್ಕೆ ಇಟ್ಟರೆ 20 ಗಳಿಸಲು 22 ಕಳೆಯುವ ಲೆಕ್ಕ. ನಾನಾದರೆ 113ರ ಹತ್ತಿರ ಇಡ್ತೇನೆ.