ಹಾಲು ಕುಡಿದ ಮೇಲೂ ಬಾರದ ಭಾಗಾಕಾರ

‘ಬುದ್ಧಿ ಮಂದ, ಪರೀಕ್ಷಿಸಿ ನೋಡಿ’ ಎಂಬ ಚೀಟಿಯೊಂದಿಗೆ ಆರನೇ ತರಗತಿಯ ಈ ಹುಡುಗ ನನ್ನ ಬಳಿ ಬಂದ. ಇಂಥ ಚೀಟಿಗಳು ಪ್ರತಿ ವರ್ಷವೂ ಬರುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ದಿನ ಲೆಕ್ಕ ಕೇಳಲಿಲ್ಲ, ನಿನ್ನೆಯಿಂದ ಏನೇನು ತಿಂದೆ ಎಂದು ಕೇಳಿದೆ. ರಾತ್ರಿ ಏಳೂವರೆಗೆ ಅನ್ನ, ಸಾರು. ತಾಯಿ ನಸುಕಿನಲ್ಲೇ ಮನೆಗೆಲಸಕ್ಕೆ ಹೊರಡುತ್ತಾರೆ. ಮೂರನೇ ತರಗತಿಯ ತಂಗಿಗೆ ಜಡೆ ಹಾಕಿ ಕರೆತರುವಷ್ಟರಲ್ಲಿ ಕ್ಷೀರಭಾಗ್ಯದ ಹಾಲು ಹಂಚಿ ಮುಗಿದಿರುತ್ತದೆ. ಮುಂದಿನ ತುತ್ತು ಮಧ್ಯಾಹ್ನ ಒಂದೂವರೆಯ ಬಿಸಿಯೂಟದಲ್ಲಿ. ಅಂದರೆ 18 ಗಂಟೆ ಹೊಟ್ಟೆ ಖಾಲಿ. ಇಬ್ಬರ ಪಾಲಿನ ಹಾಲನ್ನೂ, ತಲಾ 150 ಮಿಲಿಲೀಟರ್, ಮುಚ್ಚಿಡುವಂತೆ ಅಡುಗೆಯವರಿಗೆ ಹೇಳಿಸಿದೆ.

ತೂಕಡಿಕೆ ನಿಂತಿತು, ಭಾಗಾಕಾರ ಮಾತ್ರ ಬರಲಿಲ್ಲ. ‘ಹಾಲು ಕೊಟ್ಟರೂ ಅಷ್ಟೇ ಮೇಡಂ’ ಎಂದರು ಗಣಿತದ ಮೇಷ್ಟ್ರು.

ಮೂರನೇ ಭೇಟಿಯಲ್ಲಿ 84ನ್ನು 6ರಿಂದ ಭಾಗಿಸಲು ಕೊಟ್ಟೆ. ಎಂಟರಲ್ಲಿ ಆರು ಒಂದು ಸಲ, ಉಳಿದದ್ದು ಎರಡು ಎಂದು ಸರಿಯಾಗಿಯೇ ಬರೆದ. ನಾಲ್ಕನ್ನು ಇಳಿಸಿಕೊಳ್ಳಬೇಕು ಎನ್ನುವಾಗ ಗೇಟಿನ ಚಿಲಕ ಸದ್ದಾಯಿತು. ಹುಡುಗ ಎದ್ದು ನಿಂತ. ಕಿಟಕಿಯಿಂದ ನೋಡಿ, ಬಂದವರು ತರಕಾರಿಯವರು ಎಂದು ಖಾತ್ರಿಯಾದ ಮೇಲೆ ಕುಳಿತ. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಮರೆತುಹೋಗಿತ್ತು. ಮತ್ತೆ ಎಂಟರಿಂದ ಶುರು ಮಾಡಿದ.

‘ಯಾರು ಬಂದರು ಅಂದುಕೊಂಡೆ?’ ಎಂದೆ.

‘ಅಪ್ಪ ಕುಡಿದು ಬಂದರೆ ತಂಗಿಯನ್ನು ಹಿಂದಿನ ಬಾಗಿಲಿಂದ ಕರೆದುಕೊಂಡು ಹೋಗಬೇಕು ಮೇಡಂ. ಅವಳಿಗೆ ಚಿಲಕದ ಸದ್ದು ತಿಳಿಯುವುದಿಲ್ಲ.’

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಮಂಡಿಸಿದ ಅಗತ್ಯಗಳ ಶ್ರೇಣಿಯನ್ನು ಶಿಕ್ಷಕರ ತರಬೇತಿಯಲ್ಲಿ ಏಣಿಯ ಹಾಗೆ ಕಲಿಸುತ್ತೇವೆ: ಮೊದಲು ಅನ್ನ, ಆಮೇಲೆ ಸುರಕ್ಷತೆ, ಆಮೇಲೆ ಮಿಕ್ಕಿದ್ದು. ಒಂದು ಪೂರ್ತಿ ತೀರಿದ ಮೇಲೆಯೇ ಇನ್ನೊಂದು ತಲೆ ಎತ್ತುತ್ತದೆ ಎಂದು ತಿಳಿಯುವುದು ತಪ್ಪು ಎಂದು ಮಾಸ್ಲೊ ಅವರೇ ಬರೆದಿದ್ದಾರೆ. ಈ ಮಗುವಿನಲ್ಲಿ ಹಸಿವು, ಹೆದರಿಕೆ ಎರಡೂ ಒಟ್ಟಿಗೇ ಇದ್ದವು. ನಾನು ಒಂದನ್ನಷ್ಟೇ ಕಂಡಿದ್ದೆ. ಎಂಟರಲ್ಲಿ ಆರು ಹೋಗಿ ಉಳಿದ ಎರಡನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಜಾಗದಲ್ಲಿ ಚಿಲಕದ ಸದ್ದು ಕುಳಿತಿತ್ತು.

ತಾಯಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ತಂದೆ ಬಂದರೆ ಮುಖ್ಯ ಶಿಕ್ಷಕರೇ ಗೇಟಿಗೆ ಹೋಗಬೇಕು, ತಂಗಿಯನ್ನು ಅವಳ ತರಗತಿಯ ಟೀಚರ್ ನೋಡಿಕೊಳ್ಳಬೇಕು, ಈ ಮಾತನ್ನು ಹುಡುಗನ ಎದುರಿಗೇ ಹೇಳಬೇಕು ಎಂದೆ. ಅವನನ್ನು ಗೇಟು ಕಾಣುವ ಕಿಟಕಿಯ ಪಕ್ಕ ಕೂರಿಸಲು ಸೂಚಿಸಿದೆ. ‘ಹೊರಗೆ ನೋಡುವ ಹುಡುಗನಿಗೆ ಕಿಟಕಿಯೇ?’ ಎಂಬ ಆಕ್ಷೇಪ ಬಂತು. ನಾನು ಬಿಟ್ಟುಕೊಡಲಿಲ್ಲ. ಗೇಟು ಕಂಡರೆ ಒಂದು ನೋಟದಲ್ಲಿ ಮುಗಿಯುತ್ತದೆ, ಕಾಣದಿದ್ದರೆ ಅವಧಿಯಿಡೀ ಕಿವಿ ಅಲ್ಲೇ ಇರುತ್ತದೆ.

ಆರು ವಾರಗಳಾದವು. ಸದ್ದಾದಾಗ ಈಗಲೂ ತಲೆ ಎತ್ತುತ್ತಾನೆ, ಆದರೆ ಎದ್ದು ನಿಲ್ಲುವುದಿಲ್ಲ. ಮೊನ್ನೆ ನೋಡಿ ತಲೆ ತಗ್ಗಿಸಿದವನು ನಾಲ್ಕನ್ನು ಇಳಿಸಿಕೊಂಡು 14 ಎಂದು ಬರೆದ.